ರಿಪೋರ್ಟಿನ ಅನುಪಾತ, ಡಿಟಾಕ್ಸಿನ ಡಬ್ಬಿ: ‘ಈಸ್ಟ್ರೋಜನ್ ಡಾಮಿನೆನ್ಸ್’ ಎಷ್ಟು ನಿಜ?

ವಿಷಯ ಬಿಡಿಸಿ ಹೇಳಲು ಒಂದು ಮಾದರಿ ಕಟ್ಟಿಕೊಳ್ಳೋಣ. 43 ವರ್ಷದ ಹೆಂಗಸು. ಎರಡು ವರ್ಷದಿಂದ ಮುಟ್ಟಿನ ಲೆಕ್ಕ ತಪ್ಪಿದೆ. ಒಮ್ಮೆ 24 ದಿನಕ್ಕೇ ಬಂದುಬಿಡುತ್ತದೆ, ಇನ್ನೊಮ್ಮೆ 38 ದಿನವಾದರೂ ಸುಳಿವಿಲ್ಲ. ಬಂತೆಂದರೆ ಎಂಟು ದಿನ ಸ್ರಾವ, ಮೊದಲ ಮೂರು ದಿನ ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ಮುಟ್ಟಿಗೆ ಮುಂಚಿನ ವಾರ ಎದೆಭಾರ, ಸಿಟ್ಟು, ನಿದ್ದೆಗೇಡು. ಎರಡು ಮಹಡಿ ಹತ್ತಿದರೆ ಏದುಸಿರು. ಫೋನಿನಲ್ಲಿ ಸಿಕ್ಕ ಪ್ರಶ್ನಾವಳಿಯೊಂದನ್ನು ತುಂಬಿದಾಗ ‘ನಿಮಗೆ ಈಸ್ಟ್ರೋಜನ್ ಡಾಮಿನೆನ್ಸ್ ಇದೆ’ ಎಂಬ ಉತ್ತರ ಬಂತು, ಅಂದರೆ ಪ್ರೊಜೆಸ್ಟರಾನಿಗೆ ಹೋಲಿಸಿದರೆ ಈಸ್ಟ್ರೋಜನ್ ಹೆಚ್ಚಾಗಿದೆ ಎಂದು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ರಿಪೋರ್ಟಿನಲ್ಲಿ ಈಸ್ಟ್ರೋಜನ್‌ಗಳಲ್ಲಿ ಮುಖ್ಯವಾದ ಎಸ್ಟ್ರಡಯಾಲ್ 210 ಪಿಕೋಗ್ರಾಂ, ಪ್ರೊಜೆಸ್ಟರಾನ್ 0.5 ನ್ಯಾನೋಗ್ರಾಂ, ಎರಡೂ ಒಂದು ಮಿಲಿಲೀಟರಿಗೆ. ಅನುಪಾತ 2.4, ಕೆಂಪಕ್ಷರದಲ್ಲಿ, ಪಕ್ಕದಲ್ಲಿ ‘100ಕ್ಕಿಂತ ಹೆಚ್ಚಿರಬೇಕು’ ಎಂಬ ಟಿಪ್ಪಣಿ. ಹಿಂದೆಯೇ ಮೂರು ತಿಂಗಳ ಪ್ಯಾಕೇಜು: ಡಿಐಎಂ ಮಾತ್ರೆ, ಕ್ಯಾಲ್ಸಿಯಂ ಡಿ-ಗ್ಲುಕರೇಟ್, ಬೆಳಿಗ್ಗೆ ನೀರಿಗೆ ಕಲಸಿ ಕುಡಿಯುವ ‘ಹಾರ್ಮೋನ್ ಡಿಟಾಕ್ಸ್’ ಪುಡಿ.

ಈಕೆಯ ತೊಂದರೆ ನಿಜ. ಲ್ಯಾಬಿನ ಅಂಕಿಗಳೂ ಸರಿಯಾಗಿಯೇ ಇವೆ. ತಪ್ಪಿರುವುದು ಆ ಅಂಕಿಯಿಂದ ಈ ತೊಂದರೆಗೆ, ತೊಂದರೆಯಿಂದ ಡಬ್ಬಿಗೆ ಎಳೆದ ಗೆರೆ. ಅದು ಎಲ್ಲೆಲ್ಲಿ ತಪ್ಪಿದೆ ಎಂದು ಒಂದೊಂದಾಗಿ ನೋಡೋಣ.

ಮೊದಲು ಅನುಪಾತ. ಲೆಕ್ಕ ಸುಲಭ. ಪ್ರೊಜೆಸ್ಟರಾನನ್ನು ಪಿಕೋಗ್ರಾಂಗೆ ಬದಲಿಸಲು 1000ದಿಂದ ಗುಣಿಸಬೇಕು, ಆಮೇಲೆ ಎಸ್ಟ್ರಡಯಾಲಿನಿಂದ ಭಾಗಿಸಬೇಕು. 0.5 ನ್ಯಾನೋಗ್ರಾಂ ಎಂದರೆ 500 ಪಿಕೋಗ್ರಾಂ. 500ನ್ನು 210ರಿಂದ ಭಾಗಿಸಿದರೆ 2.4. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ರಕ್ತ ಕೊಟ್ಟದ್ದು ಮುಟ್ಟಿನ ಎಷ್ಟನೇ ದಿನ ಎಂದು ಯಾರೂ ಕೇಳಲಿಲ್ಲ. ಅದು ಒಂಬತ್ತನೇ ದಿನ ಎಂದುಕೊಳ್ಳಿ. 24 ದಿನದ ಸುತ್ತಿನಲ್ಲಿ ಒಂಬತ್ತನೇ ದಿನವೆಂದರೆ ಅಂಡಾಣು ಹೊರಬೀಳಲು ಒಂದೆರಡು ದಿನ ಬಾಕಿ. ಆ ಹೊತ್ತಿಗೆ ಅಂಡಾಶಯದಲ್ಲಿ ಬಲಿಯುತ್ತಿರುವ ಕೋಶಕ ತಿಂಗಳಲ್ಲೇ ಅತಿ ಹೆಚ್ಚು ಎಸ್ಟ್ರಡಯಾಲ್ ಸುರಿಸುತ್ತಿರುತ್ತದೆ; 200ರಿಂದ 400ರವರೆಗೆ ಏರುವುದು ಮಾಮೂಲು. ಪ್ರೊಜೆಸ್ಟರಾನ್ ಇನ್ನೂ ಶುರುವೇ ಆಗಿರುವುದಿಲ್ಲ. ಅದನ್ನು ತಯಾರಿಸುವ ಹಳದಿ ಪಿಂಡ, ಅಂದರೆ ಕಾರ್ಪಸ್ ಲೂಟಿಯಂ, ಅಂಡಾಣು ಹೊರಬಿದ್ದ ಮೇಲೆಯೇ ಹುಟ್ಟುವುದು. ಹಾಗಾಗಿ ಅಂದು ಪೂರ್ಣ ಆರೋಗ್ಯವಂತ ಹೆಂಗಸಿನ ರಕ್ತ ತೆಗೆದರೂ ಅನುಪಾತ ಒಂದಂಕಿಯಲ್ಲೇ ಇರುತ್ತದೆ. ಈ ರಿಪೋರ್ಟಿನಿಂದ ತಿಳಿಯುವುದು ಈಕೆಯ ಅಂಡಾಶಯ ಇನ್ನೂ ಕೆಲಸ ಮಾಡುತ್ತಿದೆ ಎಂಬುದು ಮಾತ್ರ.

ಹಾಗಾದರೆ ಸರಿಯಾದ ದಿನ ಪರೀಕ್ಷೆ ಮಾಡಿಸಿದರೆ ಅನುಪಾತ ನಂಬಬಹುದೇ? ಒಂದು ವಾರದ ನಂತರ ಅದೇ ಹೆಂಗಸಿನಲ್ಲಿ ಪ್ರೊಜೆಸ್ಟರಾನ್ 11, ಎಸ್ಟ್ರಡಯಾಲ್ 130 ಬಂತು ಎನ್ನೋಣ. ಅನುಪಾತ 85. ಕೆಂಪು ಗೆರೆ 100ರಲ್ಲಿದ್ದರೆ ಇದೂ ‘ಡಾಮಿನೆನ್ಸ್’. ಆದರೆ ಪ್ರೊಜೆಸ್ಟರಾನ್ ಕೊಳಾಯಿ ಬಿಟ್ಟಂತೆ ಒಂದೇ ಸಮ ಹರಿಯುವ ಹಾರ್ಮೋನಲ್ಲ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಒಮ್ಮೊಮ್ಮೆ ಮಿಡಿದಾಗ ಅದು ಚಿಮ್ಮುತ್ತದೆ, ಮತ್ತೆ ಇಳಿಯುತ್ತದೆ. 1984ರಲ್ಲಿ ಫಿಲಿಕೋರಿ ಮತ್ತು ಸಂಗಡಿಗರು ಮುಟ್ಟಿನ ಉತ್ತರಾರ್ಧದಲ್ಲಿದ್ದ ಆರೋಗ್ಯವಂತ ಹೆಂಗಸರ ರಕ್ತವನ್ನು ಇಡೀ 24 ಗಂಟೆ ಮತ್ತೆ ಮತ್ತೆ ತೆಗೆದು ಅಳೆದರು. ಪ್ರೊಜೆಸ್ಟರಾನ್ 2.3ರಷ್ಟು ಕೆಳಕ್ಕೂ 40.1ರಷ್ಟು ಮೇಲಕ್ಕೂ ಹೋಗಿಬಂದಿತ್ತು, ಅದೂ ಎಷ್ಟೋ ಸಲ ನಿಮಿಷಗಳ ಅಂತರದಲ್ಲಿ. ಈ ಎರಡು ತುದಿಗಳನ್ನು ನಮ್ಮ ಲೆಕ್ಕಕ್ಕೆ ಹಾಕಿ ನೋಡಿ. ಎಸ್ಟ್ರಡಯಾಲ್ 130ರಲ್ಲೇ ಇದ್ದರೆ ಕೆಳತುದಿಯಲ್ಲಿ ಅನುಪಾತ 18, ಮೇಲ್ತುದಿಯಲ್ಲಿ 308. ಸೂಜಿ ಚುಚ್ಚಿದ ಗಳಿಗೆಯೊಂದೇ ಸಾಕು, ಒಬ್ಬಳನ್ನೇ ‘ರೋಗಿ’ಯಾಗಿಯೂ ‘ಸಮತೋಲನದಲ್ಲಿರುವವಳಾಗಿ’ಯೂ ತೋರಿಸಲು.

ಜೊಲ್ಲಿನ ಪರೀಕ್ಷೆ ಇದಕ್ಕಿಂತ ಮೇಲೇನಲ್ಲ. ಜೊಲ್ಲಿನಲ್ಲಿ ಎಸ್ಟ್ರಡಯಾಲ್ ಅತ್ಯಲ್ಪ, ವಸಡಿನಿಂದ ಒಂದಿಷ್ಟು ರಕ್ತ ಸೇರಿದರೂ ಅಂಕಿ ಕೆಡುತ್ತದೆ. ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಸಂಸ್ಥೆ ಇದನ್ನು ನೆಚ್ಚಿ ಹಾರ್ಮೋನ್ ಚಿಕಿತ್ಸೆ ಕೊಡಬಾರದೆಂದು 2012ರಲ್ಲೇ ಹೇಳಿದೆ.

ವೈದ್ಯರು ಪ್ರೊಜೆಸ್ಟರಾನ್ ಪರೀಕ್ಷೆ ಬರೆಯುವುದಿಲ್ಲವೇ ಎಂದರೆ, ಬರೆಯುತ್ತಾರೆ. ಆದರೆ ಕೇಳುವ ಪ್ರಶ್ನೆ ಬೇರೆ. ಈ ತಿಂಗಳು ಅಂಡಾಣು ಬಿಡುಗಡೆಯಾಯಿತೇ ಇಲ್ಲವೇ ಎಂಬುದಷ್ಟೇ ಅವರಿಗೆ ಬೇಕು. ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮುಂಚೆ ತೆಗೆದ ರಕ್ತದಲ್ಲಿ 3 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ‘ಆಯಿತು’ ಎಂದರ್ಥ. ಎಲ್ಲರೂ ಹೇಳುವ ‘21ನೇ ದಿನ’ 28 ದಿನದ ಸುತ್ತಿನವರಿಗೆ ಮಾತ್ರ ಸರಿ. 35 ದಿನಕ್ಕೆ ಮುಟ್ಟಾಗುವವರು 28ನೇ ದಿನ ಕೊಡಬೇಕು. 21ಕ್ಕೇ ಕೊಟ್ಟರೆ ಅಂಡಾಣು ಆಗಷ್ಟೇ ಹೊರಬೀಳುತ್ತಿರುತ್ತದೆ. ಪ್ರೊಜೆಸ್ಟರಾನ್ ಕಡಿಮೆ ಬಂದು ಸುಮ್ಮನೆ ಹೆದರಿಕೆಯಾಗುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಸ್ಪಷ್ಟವಾಗಬೇಕು. ಪ್ರೊಜೆಸ್ಟರಾನಿನ ತಡೆಯಿಲ್ಲದೆ ಈಸ್ಟ್ರೋಜನ್ ಒಂದೇ ಬಹುಕಾಲ ಕೆಲಸ ಮಾಡಿದರೆ ಅಪಾಯವಿದೆ ಎಂಬುದು ಪೊಳ್ಳು ಮಾತಲ್ಲ. ಸ್ತ್ರೀರೋಗ ಶಾಸ್ತ್ರದಲ್ಲಿ ಇಷ್ಟು ಗಟ್ಟಿಯಾಗಿ ಸಾಬೀತಾದ ಸಂಗತಿಗಳು ಹೆಚ್ಚಿಲ್ಲ. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟರಾನ್ ಆ ಬೆಳವಣಿಗೆ ನಿಲ್ಲಿಸಿ ಪದರವನ್ನು ಮಾಗಿಸುತ್ತದೆ. ಎರಡನೆಯದು ಬರದಿದ್ದರೆ ಪದರ ದಪ್ಪವಾಗುತ್ತಲೇ ಹೋಗುತ್ತದೆ, ಅಲ್ಲಲ್ಲಿ ಕಳಚಿ ರಕ್ತ ಹೋಗುತ್ತದೆ, ವರ್ಷಗಳು ಕಳೆದರೆ ಕೆಲವರಲ್ಲಿ ಕ್ಯಾನ್ಸರಿನತ್ತ ತಿರುಗುತ್ತದೆ. ಮುಟ್ಟು ನಿಂತವರಿಗೆ ಬರಿಯ ಈಸ್ಟ್ರೋಜನ್ ಮಾತ್ರೆ ಕೊಡುತ್ತಿದ್ದ ಕಾಲದಲ್ಲಿ, 1975ರ ಹೊತ್ತಿಗೆ, ಅಮೆರಿಕದಲ್ಲಿ ಇದು ಬಯಲಾಯಿತು. ಮುಂದೆ 1990ರ ದಶಕದಲ್ಲಿ ಪೆಪಿ ಎಂಬ ಪ್ರಯೋಗ ಮೂರು ವರ್ಷ ನಡೆಯಿತು. ದಿನಕ್ಕೆ 0.625 ಮಿಲಿಗ್ರಾಂ ಈಸ್ಟ್ರೋಜನ್ ಮಾತ್ರ ತೆಗೆದುಕೊಂಡವರಲ್ಲಿ 62 ಶೇಕಡಾ ಮಂದಿಗೆ ಒಳಪದರದ ಅತಿಬೆಳವಣಿಗೆ ಕಂಡಿತು. ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಅದು 2 ಶೇಕಡಾ. ಜೊತೆಗೆ ಪ್ರೊಜೆಸ್ಟರಾನ್ ಜಾತಿಯ ಔಷಧಿ ಕೊಟ್ಟವರಲ್ಲಿ ಆ ಅಪಾಯ ಹೆಚ್ಚುಕಡಿಮೆ ಇಲ್ಲವಾಯಿತು.

ಮಾತ್ರೆ ತೆಗೆದುಕೊಳ್ಳದವರಲ್ಲೂ ಈ ಸ್ಥಿತಿ ಬರುತ್ತದೆ. ಪಿಸಿಓಎಸ್ ಇದ್ದು ಮೂರ್ನಾಲ್ಕು ತಿಂಗಳಾದರೂ ಮುಟ್ಟಾಗದವರಲ್ಲಿ ಅಂಡಾಣು ಹೊರಬೀಳುವುದೇ ಇಲ್ಲ, ಹಳದಿ ಪಿಂಡವೂ ಇಲ್ಲ, ಪ್ರೊಜೆಸ್ಟರಾನೂ ಇಲ್ಲ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲೂ ಕೆಲವು ತಿಂಗಳು ಹೀಗೆಯೇ. ನಮ್ಮ ಮಾದರಿಯ ಹೆಂಗಸು ಇರುವುದು ಆ ಘಟ್ಟದಲ್ಲೇ. ತೂಕ ಬಹಳ ಇದ್ದವರಲ್ಲಿ, ಅದರಲ್ಲೂ ಮುಟ್ಟು ನಿಂತ ಮೇಲೆ, ಕೊಬ್ಬಿನ ಜೀವಕೋಶಗಳೇ ಗಂಡು ಹಾರ್ಮೋನುಗಳೆನ್ನುವ ಆ್ಯಂಡ್ರೋಜನ್ನುಗಳನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತವೆ. ಈ ಮೂರೂ ಕಡೆ ವೈದ್ಯರು ನೋಡುವುದು ಒಳಪದರವನ್ನು: ಸ್ಕ್ಯಾನಿನಲ್ಲಿ ಅದರ ದಪ್ಪ, ಬೇಕಾದರೆ ಅದರ ಚೂರೊಂದರ ಬಯಾಪ್ಸಿ. ರಕ್ತದ ಅನುಪಾತ ಚೆನ್ನಾಗಿದ್ದರೂ ಪದರ ಕೆಟ್ಟಿರಬಹುದು, ಅನುಪಾತ ಕೆಂಪಾಗಿದ್ದರೂ ಪದರ ಸ್ವಚ್ಛವಾಗಿರಬಹುದು.

‘ಈಸ್ಟ್ರೋಜನ್ ಡಾಮಿನೆನ್ಸ್’ ಎಂಬ ಹೆಸರು ಜನರ ಬಾಯಿಗೆ ಬಂದದ್ದು 1990ರ ದಶಕದಲ್ಲಿ, ಅಮೆರಿಕದ ವೈದ್ಯ ಜಾನ್ ಲೀ ಅವರ ಬರಹಗಳಿಂದ. ಅವರು ಸೂಚಿಸುತ್ತಿದ್ದ ಪರಿಹಾರ ಚರ್ಮಕ್ಕೆ ಹಚ್ಚುವ ಪ್ರೊಜೆಸ್ಟರಾನ್ ಕ್ರೀಮು. ಗರ್ಭಕೋಶದ ಒಳಪದರಕ್ಕೆ ಸಂಬಂಧಿಸಿದ ವಿಚಾರ ಅಲ್ಲಿಂದ ಹಿಗ್ಗುತ್ತಾ ಹೋಗಿ, ಸುಸ್ತು, ತೂಕ, ಕೂದಲು ಉದುರುವಿಕೆ, ಮರೆವು, ತಲೆನೋವು, ಹೊಟ್ಟೆಯುಬ್ಬರ ಎಲ್ಲವನ್ನೂ ಒಳಗೆ ಸೇರಿಸಿಕೊಂಡಿತು. ಇಂಥ ಪಟ್ಟಿ ಯಾರಿಗಾದರೂ ಹೊಂದುತ್ತದೆ. ಥೈರಾಯ್ಡ್ ಕಡಿಮೆಯಿದ್ದರೂ ಹೊಂದುತ್ತದೆ, ರಕ್ತಹೀನತೆಯಿದ್ದರೂ ಹೊಂದುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಅರ್ಧಕ್ಕೆ ಸಮೀಪ. ಇಂಥ ನಾಡಿನಲ್ಲಿ ‘ಸುಸ್ತು’ ಎಂಬ ಮಾತಿಗೆ ಮೊದಲು ಹಿಮೋಗ್ಲೋಬಿನ್ ನೋಡದೆ ಅನುಪಾತ ನೋಡುವುದು ನನಗೆ ಒಪ್ಪಿಗೆಯಾಗದ ಕ್ರಮ.

ಮುಟ್ಟಿನ ಮುಂಚಿನ ಸಿಟ್ಟು, ಅಳು, ಎದೆಭಾರಗಳ ಮಾತು ಸ್ವಲ್ಪ ಬೇರೆ, ಮತ್ತು ಹೆಚ್ಚು ಕುತೂಹಲದ್ದು. 1998ರಲ್ಲಿ ಪೀಟರ್ ಶ್ಮಿಟ್ ಮತ್ತು ಸಂಗಡಿಗರು ತೀವ್ರ ಮುಟ್ಟುಪೂರ್ವ ತೊಂದರೆಯಿದ್ದ ಹೆಂಗಸರಿಗೆ ಔಷಧಿ ಕೊಟ್ಟು ಅಂಡಾಶಯದ ಕೆಲಸವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದರು. ಹಲವರಿಗೆ ತೊಂದರೆ ಇಳಿಯಿತು. ಹಾಗೆ ಇಳಿದವರಿಗೆ ಎಸ್ಟ್ರಡಯಾಲ್ ಅಥವಾ ಪ್ರೊಜೆಸ್ಟರಾನನ್ನು ಮಾಮೂಲು ಮಟ್ಟಕ್ಕೆ ಬರುವಂತೆ ವಾಪಸು ಕೊಟ್ಟಾಗ ತೊಂದರೆಯೂ ವಾಪಸಾಯಿತು. ತೊಂದರೆಯೇ ಇಲ್ಲದ ಇನ್ನೊಂದು ಗುಂಪಿಗೆ ಅದೇ ಪ್ರಮಾಣ ಕೊಟ್ಟರೂ ಏನೂ ಆಗಲಿಲ್ಲ. ಅಂದರೆ ಹಾರ್ಮೋನಿನ ಮಟ್ಟ ಇಬ್ಬರಲ್ಲೂ ಒಂದೇ, ಅದಕ್ಕೆ ಮಿದುಳು ಸ್ಪಂದಿಸುವ ರೀತಿ ಬೇರೆ. ಪ್ರೊಜೆಸ್ಟರಾನ್ ಕೊಟ್ಟಾಗಲೂ ತೊಂದರೆ ಮರಳಿತು ಎಂಬುದನ್ನು ಗಮನಿಸಿ. ಪ್ರೊಜೆಸ್ಟರಾನ್ ಸಾಲದೆ ಹೀಗಾಗುತ್ತಿದೆ ಎನ್ನುವ ವಾದಕ್ಕೆ ಇದು ನೇರ ಎದುರು.

ಈಗ ಡಬ್ಬಿಗಳಿಗೆ ಬರೋಣ. ಇವೆಲ್ಲದರ ಹಿಂದಿನ ವಾದ ಒಂದೇ: ಲಿವರು ಹಳೆಯ ಈಸ್ಟ್ರೋಜನನ್ನು ಸರಿಯಾಗಿ ಹೊರಹಾಕುತ್ತಿಲ್ಲ, ನಾವು ಹಾಕಿಸುತ್ತೇವೆ. ಲಿವರು ಮಾಡುವ ಕೆಲಸ ಹೀಗಿದೆ. ಮೊದಲ ಹಂತದಲ್ಲಿ ಕಿಣ್ವಗಳು ಈಸ್ಟ್ರೋಜನಿಗೆ ಆಮ್ಲಜನಕದ ಕೊಂಡಿ ಸೇರಿಸುತ್ತವೆ. ಅದು ಅಣುವಿನ 2, 4 ಅಥವಾ 16ನೇ ಜಾಗದಲ್ಲಿ ಕೂರಬಹುದು. ಎರಡನೇ ಹಂತದಲ್ಲಿ ಸಲ್ಫೇಟೋ ಗ್ಲುಕುರಾನಿಕ್ ಆಮ್ಲವೋ ಅಂಟಿಕೊಂಡು ಅಣು ನೀರಿನಲ್ಲಿ ಕರಗುವಂತಾಗುತ್ತದೆ. ಹೆಚ್ಚಿನ ಪಾಲು ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಪಿತ್ತದ ಜೊತೆ ಕರುಳಿಗಿಳಿಯುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಸ್ವಲ್ಪ ಭಾಗದ ಅಂಟನ್ನು ಬಿಡಿಸುವುದರಿಂದ ಒಂದಿಷ್ಟು ಈಸ್ಟ್ರೋಜನ್ ಮತ್ತೆ ರಕ್ತಕ್ಕೆ ಸೇರುತ್ತದೆ. ಲಿವರು ನಿಜಕ್ಕೂ ಸೋತಾಗ ಹೇಗಿರುತ್ತದೆಂದು ಸಿರೋಸಿಸ್ ಆದ ಗಂಡಸರಲ್ಲಿ ಕಾಣಬಹುದು: ಸ್ತನ ಬೆಳೆಯುತ್ತದೆ, ಅಂಗೈ ಕೆಂಪಾಗುತ್ತದೆ, ಕಾಮಾಲೆ, ಹೊಟ್ಟೆಯಲ್ಲಿ ನೀರು. ಲಿವರ್ ಪರೀಕ್ಷೆ ಸರಿಯಿರುವ ಹೆಂಗಸಿನಲ್ಲಿ ಈಸ್ಟ್ರೋಜನ್ ‘ಕಟ್ಟಿಕೊಂಡಿದೆ’ ಎನ್ನಲು ಆಧಾರವಿಲ್ಲ.

ಡಿಐಎಂ ಎಂದರೆ ಡೈಇಂಡೋಲೈಲ್‌ಮೀಥೇನ್. ಎಲೆಕೋಸು, ಹೂಕೋಸು, ಬ್ರೊಕೊಲಿ, ಮೂಲಂಗಿ, ಸಾಸಿವೆ ಜಾತಿಯ ತರಕಾರಿಗಳನ್ನು ಹೆಚ್ಚಿದಾಗ ಅಥವಾ ಅಗಿದಾಗ ಇಂಡೋಲ್-3-ಕಾರ್ಬಿನಾಲ್ ಬಿಡುಗಡೆಯಾಗುತ್ತದೆ, ಜಠರದ ಆಮ್ಲದಲ್ಲಿ ಅದು ಡಿಐಎಂ ಆಗುತ್ತದೆ. ಇದರ ಪರಿಣಾಮ ಸುಳ್ಳಲ್ಲ. ಲಿವರಿನ ಮೊದಲ ಹಂತದ ಕೆಲವು ಕಿಣ್ವಗಳನ್ನು ಅದು ಚುರುಕುಗೊಳಿಸುತ್ತದೆ, ಮೂತ್ರದಲ್ಲಿ 2ನೇ ಜಾಗದ ಉಳಿಕೆ 16ನೇ ಜಾಗದ್ದಕ್ಕಿಂತ ಹೆಚ್ಚುತ್ತದೆ. ಜಾಹೀರಾತಿನಲ್ಲಿ ‘ಒಳ್ಳೆಯ ಈಸ್ಟ್ರೋಜನ್ ಹೆಚ್ಚಿಸುತ್ತದೆ’ ಎನ್ನುವುದು ಇದನ್ನೇ. ಆದರೆ ಈ 2/16 ಅನುಪಾತ ಹೆಚ್ಚಿದ್ದವರಿಗೆ ಸ್ತನದ ಕ್ಯಾನ್ಸರ್ ಕಡಿಮೆ ಎಂಬ ಹಳೆಯ ಊಹೆ, ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನಿಲ್ಲಲಿಲ್ಲ. ಮೂತ್ರದ ಅಂಕಿ ಬದಲಾಯಿತು ಎಂದ ಮಾತ್ರಕ್ಕೆ ಆರೋಗ್ಯ ಬದಲಾಯಿತು ಎನ್ನಲಾಗದು.

ಡಿಐಎಂ ಬಗ್ಗೆ ತಿಳಿದುಕೊಳ್ಳಲೇಬೇಕಾದ ಪ್ರಯೋಗ ಒಂದಿದೆ. 2017ರಲ್ಲಿ ಸಿಂಥಿಯಾ ಥಾಮ್ಸನ್ ತಂಡ ಪ್ರಕಟಿಸಿದ್ದು. ಸ್ತನದ ಕ್ಯಾನ್ಸರಿಗೆ ಕೊಡುವ ಟ್ಯಾಮೋಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ 130 ಹೆಂಗಸರನ್ನು ಸೇರಿಸಿಕೊಂಡು, ಒಂದು ಗುಂಪಿಗೆ ಡಿಐಎಂ 150 ಮಿಲಿಗ್ರಾಂ ದಿನಕ್ಕೆರಡು ಬಾರಿ, ಇನ್ನೊಂದಕ್ಕೆ ಖಾಲಿ ಮಾತ್ರೆ, ಒಂದು ವರ್ಷ ಕೊಟ್ಟರು. ನಿರೀಕ್ಷಿಸಿದಂತೆ ಮೂತ್ರದ ಅನುಪಾತ ಏರಿತು. ಸ್ತನದ ಸಾಂದ್ರತೆ ಇಳಿಯಬಹುದೆಂದು ಮ್ಯಾಮೋಗ್ರಾಂ ಮತ್ತು ಎಂಆರ್‌ಐ ಮಾಡಿ ನೋಡಿದರು; ವ್ಯತ್ಯಾಸವಿರಲಿಲ್ಲ. ಯಾರೂ ಕಾಯದಿದ್ದ ಫಲಿತಾಂಶ ಒಂದು ಬಂತು. ಟ್ಯಾಮೋಕ್ಸಿಫೆನ್ ದೇಹದಲ್ಲಿ ಎಂಡಾಕ್ಸಿಫೆನ್ ಆಗಿ ಮಾರ್ಪಟ್ಟ ಮೇಲೆಯೇ ಚೆನ್ನಾಗಿ ಕೆಲಸ ಮಾಡುವುದು, ಡಿಐಎಂ ಗುಂಪಿನಲ್ಲಿ ಆ ಎಂಡಾಕ್ಸಿಫೆನ್ ಕಡಿಮೆಯಾಗಿತ್ತು. ಇದರಿಂದ ಕ್ಯಾನ್ಸರ್ ಮರುಕಳಿಸಿತೆಂದು ಆ ಅಧ್ಯಯನ ಹೇಳುವುದಿಲ್ಲ. ಆದರೂ ಸ್ತನದ ಕ್ಯಾನ್ಸರಿಗೆ ಟ್ಯಾಮೋಕ್ಸಿಫೆನ್ ನುಂಗುತ್ತಿರುವ ಯಾರೂ, ಈಸ್ಟ್ರೋಜನ್ ಇಳಿಯಲಿ ಎಂಬ ಆಸೆಯಿಂದ, ಡಿಐಎಂ ಮುಟ್ಟಬಾರದು. ಈ ಮಾತ್ರೆ ಬೇಕೆಂದು ಮನಸ್ಸಾಗುವುದು ಹೆಚ್ಚಾಗಿ ಅವರಿಗೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಕೋಸಿನ ಪಲ್ಯಕ್ಕೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ.

ಕ್ಯಾಲ್ಸಿಯಂ ಡಿ-ಗ್ಲುಕರೇಟಿನ ಕತೆ ಚಿಕ್ಕದು. ಕರುಳಿನಲ್ಲಿ ಅಂಟು ಬಿಡಿಸುವ ಕಿಣ್ವವನ್ನು ಅದು ತಡೆಯುತ್ತದೆ ಎಂಬುದು ಇಲಿಗಳ ಪ್ರಯೋಗದಿಂದ ಬಂದ ಮಾತು, ಅವುಗಳಿಗೆ ಮೇವಿನಲ್ಲಿ ಹೆಚ್ಚು ಪ್ರಮಾಣದಲ್ಲಿ ಬೆರೆಸಿ ಕೊಟ್ಟಿದ್ದರು. ಡಬ್ಬಿಯ ಪ್ರಮಾಣದಲ್ಲಿ ಮುಟ್ಟಿನ ತೊಂದರೆ ತಗ್ಗುತ್ತದೆ ಎಂದು ತೋರಿಸುವ ಗಟ್ಟಿ ಮಾನವ ಪ್ರಯೋಗ ಇಲ್ಲ.

‘ಸೀಡ್ ಸೈಕ್ಲಿಂಗ್’ ಎಂದು ಮಾರಾಟವಾಗುವ ಬೀಜಗಳ ಪೊಟ್ಟಣದಲ್ಲಿ ಮುಟ್ಟಿನ ಮೊದಲ 14 ದಿನಕ್ಕೆ ಅಗಸೆ ಮತ್ತು ಕುಂಬಳ ಬೀಜ, ಉಳಿದ ದಿನಕ್ಕೆ ಎಳ್ಳು ಮತ್ತು ಸೂರ್ಯಕಾಂತಿ ಬೀಜ ಇರುತ್ತವೆ. ಇದರಲ್ಲಿ ಅಗಸೆಗೆ ಮಾತ್ರ ಒಂದಿಷ್ಟು ಆಧಾರವಿದೆ. 1993ರ ಒಂದು ಪುಟ್ಟ ಅಧ್ಯಯನದಲ್ಲಿ 18 ಹೆಂಗಸರು ದಿನಕ್ಕೆ 10 ಗ್ರಾಂ ಅಗಸೆ ಪುಡಿ ತಿಂದರು. ಮುಟ್ಟಿನ ಉತ್ತರಾರ್ಧ ಸರಾಸರಿ 11.4 ದಿನದಿಂದ 12.6ಕ್ಕೆ ಹಿಗ್ಗಿತು. ಗಮನಿಸಬೇಕಾದದ್ದು, ಅವರು ತಿಂಗಳಿಡೀ ತಿಂದರು, ಹದಿನೈದು ದಿನಕ್ಕೊಮ್ಮೆ ಬೀಜ ಬದಲಿಸಲಿಲ್ಲ. 10 ಗ್ರಾಂ ಎಂದರೆ ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ತಿನ್ನುವ ಅಗಸಿ ಚಟ್ನಿಪುಡಿ ಒಂದೂವರೆ ದೊಡ್ಡ ಚಮಚದಷ್ಟು. ತಿನ್ನಲು ಅಡ್ಡಿಯಿಲ್ಲ, ಇಡೀ ಬೀಜ ನುಂಗಿದರೆ ಜೀರ್ಣವಾಗದೆ ಹೋಗುತ್ತದೆ, ಪುಡಿ ಮಾಡಿರಬೇಕು. ಇದು ಚಟ್ನಿಯಾಗಿ ಒಳ್ಳೆಯದು, ಎಂಟು ದಿನದ ಸ್ರಾವಕ್ಕೆ ಔಷಧಿಯಲ್ಲ.

ನಾರಿನ ವಿಷಯದಲ್ಲೂ ಒಂದು ಪಾಠವಿದೆ. ನಾರು ಹೆಚ್ಚು ತಿಂದರೆ ಈಸ್ಟ್ರೋಜನ್ ಇಳಿಯುತ್ತದೆ ಎಂಬುದು ನಿಜ. ಆದರೆ ಬಯೋಸೈಕಲ್ ಎಂಬ ಅಧ್ಯಯನದಲ್ಲಿ, ಸುಮಾರು 250 ಹೆಂಗಸರಲ್ಲಿ, ಹೆಚ್ಚು ನಾರು ತಿನ್ನುವವರಿಗೆ ಪ್ರೊಜೆಸ್ಟರಾನೂ ಕಡಿಮೆಯಿತ್ತು, ಅಂಡಾಣು ಬಿಡುಗಡೆಯಾಗದ ತಿಂಗಳುಗಳೂ ಹೆಚ್ಚಿದ್ದವು. ಇದರಿಂದ ನಾರು ಬಿಡಬೇಕೆಂದೇನೂ ಇಲ್ಲ. ದೇಹದಲ್ಲಿ ಒಂದು ಹಾರ್ಮೋನನ್ನಷ್ಟೇ ಹಿಡಿದು ಕೆಳಗಿಳಿಸಲು ಬರುವುದಿಲ್ಲ ಎಂಬುದು ತಿಳಿಯಬೇಕು. ಈಸ್ಟ್ರೋಜನ್ ಗಣನೀಯವಾಗಿ ಇಳಿದದ್ದು ಎಲ್ಲಿ ಎಂದು ಹುಡುಕಿದರೆ ಸಿಗುವುದು ತೂಕ ಇಳಿಸಿದ ಪ್ರಯೋಗ. 2012ರಲ್ಲಿ ಪ್ರಕಟವಾದ, ಮುಟ್ಟು ನಿಂತ ಮತ್ತು ತೂಕ ಹೆಚ್ಚಿದ್ದ 439 ಹೆಂಗಸರ ಒಂದು ವರ್ಷದ ಅಧ್ಯಯನದಲ್ಲಿ, ಆಹಾರ ನಿಯಂತ್ರಣ ಮತ್ತು ವ್ಯಾಯಾಮ ಎರಡನ್ನೂ ಮಾಡಿದ ಗುಂಪಿನವರ ಎಸ್ಟ್ರಡಯಾಲ್ ಸುಮಾರು 20 ಶೇಕಡಾ ಇಳಿಯಿತು.

ಕ್ರೀಮುಗಳ ಬಗ್ಗೆ ಎರಡು ಮಾತು. ‘ವೈಲ್ಡ್ ಯಾಮ್’ ಎಂಬ ಕಾಡುಗೆಣಸಿನ ಕ್ರೀಮಿನಲ್ಲಿ ಡಯಾಸ್ಜೆನಿನ್ ಇರುತ್ತದೆ. ಅದನ್ನು ಪ್ರೊಜೆಸ್ಟರಾನ್ ಆಗಿ ಮಾರ್ಪಡಿಸಬಹುದು, ಆದರೆ ಪ್ರಯೋಗಾಲಯದಲ್ಲಿ ಮಾತ್ರ. ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ 1940ರ ದಶಕದಲ್ಲಿ ಮೆಕ್ಸಿಕೋದ ಗೆಣಸಿನಿಂದ ಅದನ್ನೇ ಮಾಡಿದರು. ಮನುಷ್ಯರ ದೇಹದಲ್ಲಿ ಅದಕ್ಕೆ ಬೇಕಾದ ಕಿಣ್ವವಿಲ್ಲ. ನಿಜವಾದ ಪ್ರೊಜೆಸ್ಟರಾನ್ ಇರುವ ಕ್ರೀಮಿನ ತೊಂದರೆ ಬೇರೆ. 2005ರ ಒಂದು ಅಧ್ಯಯನದಲ್ಲಿ ಈಸ್ಟ್ರೋಜನ್ ತೆಗೆದುಕೊಳ್ಳುತ್ತಿದ್ದವರು ದಿನಕ್ಕೆ 40 ಮಿಲಿಗ್ರಾಂ ಪ್ರೊಜೆಸ್ಟರಾನ್ ಕ್ರೀಮನ್ನು 48 ವಾರ ಹಚ್ಚಿಕೊಂಡರೂ, ಒಳಪದರದ ಬೆಳವಣಿಗೆಯನ್ನು ತಡೆಯಲು ಅದು ಸಾಲಲಿಲ್ಲ. ಯಾವ ಅಪಾಯದಿಂದ ಕಾಪಾಡಲಿ ಎಂದು ಹಚ್ಚುತ್ತಾರೋ ಅದರಿಂದಲೇ ಕಾಪಾಡುವುದಿಲ್ಲ.

ಬೆಳಗಿನ ಪುಡಿಯ ಡಬ್ಬಿಯನ್ನು ತಿರುಗಿಸಿ ಚಿಕ್ಕ ಅಕ್ಷರ ಓದಿ. ಮೂರು ಹೆಸರುಗಳನ್ನು ಹುಡುಕಬೇಕು. ಮೊದಲನೆಯದು ಸೋನಾಮುಖಿ ಅಥವಾ ಸೆನ್ನಾ. ಅದು ಭೇದಿ ಮಾಡಿಸುವ ಎಲೆ. ‘ಮೂರೇ ದಿನದಲ್ಲಿ ಹೊಟ್ಟೆಯುಬ್ಬರ ಹೋಯಿತು, ಒಂದು ಕೆಜಿ ಇಳಿಯಿತು’ ಎನ್ನುವ ಅನುಭವದ ಮೂಲ ಬಹಳ ಸಲ ಇದೇ. ಹೋದದ್ದು ನೀರು ಮತ್ತು ಮಲ. ಎರಡನೆಯದು ಹಸಿರು ಚಹಾದ ಸಾರ. ಕುಡಿಯುವ ಚಹಾಕ್ಕೆ ಭಯವಿಲ್ಲ, ಆದರೆ ಪೂರಕವಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಎಂಬ ಅದರ ಮುಖ್ಯ ಅಂಶ ಸೇರಿದರೆ ಲಿವರ್ ಕಿಣ್ವಗಳು ಏರುತ್ತವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ. ಲಿವರ್ ಶುದ್ಧಿಗೆಂದು ಕೊಂಡ ಪುಡಿ ಲಿವರಿಗೇ ಹೊರೆಯಾಗುತ್ತದೆ. ಮೂತ್ರ ಕಡು ಹಳದಿಯಾದರೆ, ಕಣ್ಣು ಹಳದಿಯಾದರೆ, ಮೈ ತುರಿಸಿದರೆ ಅಂದೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಬೇಕು.

ಮೂರನೆಯದು ಬಯೋಟಿನ್, ಕೂದಲಿಗೆಂದು ಸೇರಿಸುವ ವಿಟಮಿನ್. ದೇಹಕ್ಕೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು, ಇಂಥ ಉತ್ಪನ್ನಗಳಲ್ಲಿ 5,000ದಿಂದ 10,000 ಮೈಕ್ರೋಗ್ರಾಂ ಇರುತ್ತದೆ. ಅದು ದೇಹಕ್ಕೆ ಹಾನಿ ಮಾಡದಿದ್ದರೂ ಲ್ಯಾಬಿನ ಯಂತ್ರವನ್ನು ದಾರಿತಪ್ಪಿಸುತ್ತದೆ. ಹಲವು ಹಾರ್ಮೋನ್ ಪರೀಕ್ಷೆಗಳಲ್ಲಿ ಬಯೋಟಿನ್ನನ್ನೇ ಕೊಕ್ಕೆಯಾಗಿ ಬಳಸಿ ಹಾರ್ಮೋನನ್ನು ಹಿಡಿಯುತ್ತಾರೆ. ರಕ್ತದಲ್ಲಿ ಮೊದಲೇ ಬಯೋಟಿನ್ ತುಂಬಿದ್ದರೆ ಕೊಕ್ಕೆ ಸಿಕ್ಕಿಸಬೇಕಾದ ಜಾಗ ಭರ್ತಿಯಾಗಿರುತ್ತದೆ. ಆಗ ಎಸ್ಟ್ರಡಯಾಲ್, ಪ್ರೊಜೆಸ್ಟರಾನ್, ಟೆಸ್ಟೋಸ್ಟಿರಾನ್ ಇರುವುದಕ್ಕಿಂತ ಹೆಚ್ಚು ತೋರುತ್ತವೆ, ಥೈರಾಯ್ಡ್ ಕುಗ್ಗಿದಾಗ ಏರುವ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರುತ್ತದೆ. ನಮ್ಮ ಮಾದರಿಯ ಹೆಂಗಸಿಗೆ ನಿಜಕ್ಕೂ ಥೈರಾಯ್ಡ್ ಕಡಿಮೆಯಿದ್ದರೆ, ಏರಿರುವ ಟಿಎಸ್‌ಎಚ್ ಸಾಮಾನ್ಯ ಎಂದು ಅಚ್ಚಾಗಿ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ. ರಕ್ತ ಕೊಡುವ ಮುಂಚೆ ಕನಿಷ್ಠ ಎರಡು ದಿನ ಬಯೋಟಿನ್ ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದೆ ಎಂದು ಲ್ಯಾಬಿನವರಿಗೂ ಹೇಳಿ.

ಡಬ್ಬಿಯ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ತಯಾರಕರ ಪರವಾನಗಿ. ಆ ಪುಡಿ ಮುಟ್ಟನ್ನು ಸರಿಪಡಿಸುತ್ತದೆ ಎಂದು ಯಾರೋ ಪರೀಕ್ಷಿಸಿದ್ದಾರೆ ಎಂಬ ಅರ್ಥ ಅದಕ್ಕಿಲ್ಲ. ಮುಟ್ಟಿನ ದೋಷ ಸರಿಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ 3ನೇ ಕಲಂ ಹೆಸರು ಹೇಳಿಯೇ ನಿಷೇಧಿಸುತ್ತದೆ. ‘ಬ್ಯಾಲೆನ್ಸ್’, ‘ಸಪೋರ್ಟ್’, ‘ಡಿಟಾಕ್ಸ್’ ಎಂಬ ತೇಲುವ ಪದಗಳನ್ನು ಬಳಸಿದಾಗ ಯಾವ ರೋಗದ ಹೆಸರನ್ನೂ ಹೇಳಿದಂತಾಗುವುದಿಲ್ಲ.

ಮತ್ತೆ ನಮ್ಮ 43ರ ಹೆಂಗಸಿನ ಬಳಿಗೆ ಬರೋಣ. ಆಕೆಗೆ ಆಗಬೇಕಾದದ್ದು ಏನು? ಮೊದಲು ಗರ್ಭ ಪರೀಕ್ಷೆ, 43ರಲ್ಲೂ ಬಿಡುವಂತಿಲ್ಲ. ಆಮೇಲೆ ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಟಿಎಸ್‌ಎಚ್. ನಂತರ ಯೋನಿಯ ಮೂಲಕ ಮಾಡುವ ಸ್ಕ್ಯಾನು. ಗಡ್ಡೆ ಗಡ್ಡೆಯಾದ ಸ್ರಾವಕ್ಕೆ ಫೈಬ್ರಾಯ್ಡ್, ಪಾಲಿಪ್, ಅಥವಾ ಒಳಪದರ ಗರ್ಭಕೋಶದ ಸ್ನಾಯುವಿನೊಳಗೆ ಬೆಳೆಯುವ ಅಡಿನೋಮಯೋಸಿಸ್ ಕಾರಣವೇ ಎಂಬುದು ಅದರಲ್ಲಿ ಕಾಣುತ್ತದೆ. 45 ದಾಟಿದವರಲ್ಲಿ ಅಸಹಜ ಸ್ರಾವವಿದ್ದರೆ ಒಳಪದರದ ಬಯಾಪ್ಸಿ ಮಾಡುವುದು ವಾಡಿಕೆ. ಅದಕ್ಕಿಂತ ಚಿಕ್ಕವರಿಗೂ ತೂಕ ಹೆಚ್ಚಿದ್ದರೆ, ಪಿಸಿಓಎಸ್ ಇದ್ದರೆ, ತಿಂಗಳುಗಟ್ಟಲೆ ಲೆಕ್ಕ ತಪ್ಪಿದ್ದರೆ ಮಾಡಬೇಕು. ಸುಮಾರು 3 ಮಿಲಿಮೀಟರ್ ದಪ್ಪದ ಮೆತ್ತನೆಯ ಪ್ಲಾಸ್ಟಿಕ್ ಕೊಳವೆಯಿಂದ ಹೊರರೋಗಿ ವಿಭಾಗದಲ್ಲೇ ಮುಗಿಯುವ ಕೆಲಸ. ಒಂದೆರಡು ನಿಮಿಷ ಮುಟ್ಟಿನ ನೋವಿನಂಥ ಹಿಡಿತ ಇರುತ್ತದೆ. ಮುಟ್ಟು ಪೂರ್ತಿ ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ಕ್ಯಾನು ಆಗಲೇಬೇಕು, ಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ ಬಯಾಪ್ಸಿಯೂ.

ಪರೀಕ್ಷೆಯಲ್ಲಿ ಬೇರೇನೂ ಸಿಗದೆ, ಅಂಡಾಣು ಬಿಡುಗಡೆಯಾಗದ ತಿಂಗಳುಗಳಿಂದಲೇ ಹೀಗಾಗುತ್ತಿದೆ ಎಂದು ಗೊತ್ತಾದರೆ, ಈಕೆಗೆ ನಿಜಕ್ಕೂ ಬೇಕಾಗುವುದು ಪ್ರೊಜೆಸ್ಟರಾನ್ ಜಾತಿಯ ಔಷಧಿಯೇ, ಒಳಪದರಕ್ಕೆ ತಲುಪುವ ಪ್ರಮಾಣದಲ್ಲಿ. ತಿಂಗಳಿಗೆ 10ರಿಂದ 14 ದಿನ ನುಂಗುವ ಮಾತ್ರೆ ಒಂದು ದಾರಿ. ಗರ್ಭಕೋಶದೊಳಗೆ ಕೂರಿಸುವ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಸಾಧನ ಇನ್ನೊಂದು. ಅದು ಔಷಧಿಯನ್ನು ವರ್ಷಗಟ್ಟಲೆ ನೇರ ಪದರಕ್ಕೇ ಒಸರಿಸುತ್ತದೆ. ಸ್ರಾವದ ದಿನಗಳಿಗೆ ರಕ್ತ ಹೋಗುವುದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ, ಸಾಮಾನ್ಯವಾಗಿ 1 ಗ್ರಾಂ ದಿನಕ್ಕೆ ಮೂರು ಬಾರಿ, ಐದು ದಿನ ಮೀರದಂತೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಇದು ಸಲ್ಲದು, ಹಾಗಾಗಿ ವೈದ್ಯರನ್ನು ಕೇಳದೆ ಕೊಳ್ಳಬಾರದು. ಹಿಮೋಗ್ಲೋಬಿನ್ ಇಳಿದಿದ್ದರೆ ಕಬ್ಬಿಣದ ಮಾತ್ರೆ, ಸಂಖ್ಯೆ ಸರಿಹೋದ ಮೇಲೂ ದಾಸ್ತಾನು ತುಂಬಲು ಮತ್ತೆ ಮೂರು ತಿಂಗಳು.

ವೈದ್ಯರ ಬಳಿ ಹೋಗುವಾಗ ಅನುಪಾತದ ರಿಪೋರ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಕ್ಯಾಲೆಂಡರಿನ ಮೂರು ಹಾಳೆ. ಮುಟ್ಟು ಶುರುವಾದ ದಿನ, ನಿಂತ ದಿನ, ದಿನಕ್ಕೆಷ್ಟು ಪ್ಯಾಡು, ಒಂದೆರಡು ಗಂಟೆಗೇ ಒಂದು ಪ್ಯಾಡು ತೊಯ್ದ ದಿನ ಯಾವುದು, ಗಡ್ಡೆ ಐದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಿತ್ತೇ, ರಾತ್ರಿ ಎದ್ದು ಬದಲಿಸಬೇಕಾಯಿತೇ. ತೆಗೆದುಕೊಂಡ ಪುಡಿ, ಮಾತ್ರೆಗಳ ಹೆಸರನ್ನೂ ಅದೇ ಹಾಳೆಯ ಕೆಳಗೆ ಬರೆದಿಡಿ. ಡಬ್ಬಿಯ ಹಿಂಬದಿಯ ಚಿತ್ರ ಫೋನಿನಲ್ಲಿದ್ದರೆ ಅದನ್ನೇ ತೋರಿಸಿದರೂ ಸಾಕು.